ಕೇಳುವಂತಿಲ್ಲದ ದುಡ್ಡು

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಹೆಂಗಸನ್ನು ಮದುವೆಯಾದವನ ಪಾಡು ಹೇಗಿರುತ್ತದೆಂದು ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಹದಿನಾರು ವರ್ಷ ಮುಖ ನೋಡಿಯೇ ಕಳ್ಳ ಪ್ರಯಾಣಿಕರನ್ನು ಹಿಡಿದವಳು ಅವಳು. ಟಿಕೆಟ್ ಇಲ್ಲದವನು ಕಿಟಕಿಯಾಚೆ ಹೆಚ್ಚು ನೋಡುತ್ತಾನೆ, ಇರುವವನು ಚೀಟಿಯನ್ನು ಎಲ್ಲೋ ತುರುಕಿ ಮರೆತು ಪರದಾಡುತ್ತಾನೆ ಎನ್ನುವುದು ಅವಳ ವೇದವಾಕ್ಯ. ಇಂಥವಳಿಗೆ ಸಂಜೆ ಮನೆಗೆ ಬಂದು ಕಣ್ಣನ್ನೂ ಸಮವಸ್ತ್ರದ ಜೊತೆ ಗೂಟಕ್ಕೆ ನೇತುಹಾಕಲು ಆಗುತ್ತದೆಯೇ?

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಮಾತು ಕಡಿಮೆ, ಸಂಬಳವೂ ಹೆಂಡತಿಗಿಂತ ಕಡಿಮೆ. ಇಬ್ಬರ ನಡುವೆ ಇನ್ನೇನಕ್ಕೂ ಜಗಳವಿರಲಿಲ್ಲ, ದುಡ್ಡೊಂದನ್ನು ಬಿಟ್ಟು. "ಈ ದೀಪಕ್ಕೆ ಎಷ್ಟು ಕೊಟ್ರಿ?" ಎಂದು ಶುರುವಾದದ್ದು "ನಿನ್ನ ಚಪ್ಪಲಿಗೆ ನಾನು ಕೇಳಿದ್ನಾ?" ಎಂಬಲ್ಲಿಗೆ ಬಂದು, ಅಲ್ಲಿಂದ ಮದುವೆಯ ಖರ್ಚಿನವರೆಗೆ ಹೋಗಿ, ಒಲೆಯ ಮೇಲಿನ ಹಾಲು ಉಕ್ಕಿದ ಮೇಲಷ್ಟೇ ನಿಲ್ಲುತ್ತಿತ್ತು. ಪ್ರತಿ ಖರ್ಚನ್ನೂ ಬರೆದಿಡೋಣವೆಂದು ಒಮ್ಮೆ ಪ್ರಯತ್ನಿಸಿದರು. ಬರೆದದ್ದರಿಂದ ಜಗಳಕ್ಕೆ ತಾರೀಖು ಸಮೇತ ಸಾಕ್ಷಿ ಸಿಕ್ಕಿತು, ಅಷ್ಟೇ ಲಾಭ.

ಇದನ್ನು ಬಿಡಿಸಿದವಳು ಹೆಂಡತಿಯ ಅತ್ತಿಗೆ, ಅಂದರೆ ಅವಳ ಅಣ್ಣನ ಹೆಂಡತಿ. ಬ್ಯಾಂಕಿನಲ್ಲಿ ಕೆಲಸ. ಒಂದು ಭಾನುವಾರ ಬಂದವಳು ಇಬ್ಬರನ್ನೂ ಊಟದ ಮೇಜಿಗೆ ಕೂರಿಸಿದಳು.

"ಇಬ್ಬರ ಸಂಬಳಾನೂ ಒಂದೇ ಖಾತೆಗೆ ಬೀಳ್ಲಿ. ಬಾಡಿಗೆ, ದಿನಸಿ, ಕರೆಂಟು, ಮಗಳ ಫೀಸು, ಔಷಧಿ, ಕೆಲಸಕ್ಕೆ ಹೋಗೋ ಬಸ್ ಪಾಸು, ಎಲ್ಲಾ ಅದರಿಂದ. ಉಳಿತಾಯಾನೂ ಮೊದಲೇ ತೆಗೆದಿಡಿ. ಆಮೇಲೆ ಮಿಕ್ಕಿದ್ದರಲ್ಲಿ ಇಬ್ಬರಿಗೂ ಕೈಖರ್ಚು. ಪ್ರತಿ ತಿಂಗಳು ಒಂದನೇ ತಾರೀಖು ತಾನಾಗೇ ನಿಮ್ಮ ನಿಮ್ಮ ಸ್ವಂತ ಖಾತೆಗೆ ಹೋಗೋ ಹಾಗೆ ಮಾಡಿಕೊಡ್ತೀನಿ. ಇಬ್ಬರಿಗೂ ಒಂದೇ ಮೊತ್ತ."

"ಒಂದೇ ಮೊತ್ತಾನಾ? ನನ್ನ ಸಂಬಳ ಜಾಸ್ತಿ ಅಲ್ವಾ ಅತ್ತಿಗೆ?"

"ಮನೆಗೆ ಬಂದ ಮೇಲೆ ಅದು ಮನೆ ದುಡ್ಡು. ಹೆಚ್ಚು ದುಡಿದೋರಿಗೆ ಹೆಚ್ಚು ಖುಷಿ ಅಂತ ಮಾಡಿದ್ರೆ, ಇನ್ನೊಬ್ಬರು ಮನೇಲಿ ಬಾಡಿಗೆಗೆ ಇದ್ದ ಹಾಗಾಗುತ್ತೆ."

ಗಂಡ ತಲೆ ಎತ್ತಲಿಲ್ಲ, ಆದರೆ ಕಿವಿ ನೆಟ್ಟಗಾದದ್ದನ್ನು ಹೆಂಡತಿ ನೋಡಿದಳು. ಕ್ಷೌರ ಯಾವ ಲೆಕ್ಕಕ್ಕೆ ಎಂಬ ಬಗ್ಗೆ ದೊಡ್ಡ ಚರ್ಚೆಯಾಯಿತು. ಕ್ಷೌರ ಮನೆಯ ಖರ್ಚು, ಬಣ್ಣ ಹಚ್ಚಿಸಿಕೊಳ್ಳುವುದು ಸ್ವಂತದ್ದು ಎಂದು ತೀರ್ಪು ಬಂತು. ಮನೆಗೆ ದೊಡ್ಡದೇನಾದರೂ ತರುವುದಿದ್ದರೆ ಇಬ್ಬರೂ ಕೂತು ಮಾತಾಡಬೇಕು.

"ಇನ್ನು ಮುಖ್ಯವಾದ್ದು," ಎಂದು ಅತ್ತಿಗೆ ಬೆರಳೆತ್ತಿದಳು. "ಕೈಖರ್ಚಿನ ದುಡ್ಡು ಏನಾಯ್ತು ಅಂತ ಒಬ್ಬರನ್ನೊಬ್ಬರು ಕೇಳಬಾರದು. ಕೆರೆಗೆ ಎಸೆದ್ರೂ ಕೇಳಬಾರದು. ಮುಗಿದುಹೋದ್ರೆ ಮುಂದಿನ ತಿಂಗಳವರೆಗೆ ಬಾಯಿ ಮುಚ್ಕೊಂಡಿರಬೇಕು. ಉಳಿದ್ರೆ ಅವರದ್ದೇ, ಮನೆಗೆ ವಾಪಸ್ ಬರಲ್ಲ. ಒಬ್ಬರು ಕೇಳಿದ ದಿನ ಈ ಏರ್ಪಾಡು ಮುಗಿದ ಹಾಗೆ, ಮತ್ತೆ ಹಾಲು ಉಕ್ಕಿಸ್ಕೊಂಡು ಕೂತಿರಿ."

ಇಬ್ಬರೂ ಒಪ್ಪಿದರು. ಮನೆಯಲ್ಲಿ ನೆಮ್ಮದಿ ಬಂತು. ಹೆಂಡತಿ ಮೊದಲ ತಿಂಗಳೇ ಸುಗಂಧದ ಬಾಟಲಿ ತಂದಳು, ಎರಡನೇ ತಿಂಗಳು ಗೆಳತಿಯರ ಜೊತೆ ಸಿನಿಮಾಕ್ಕೂ ಊಟಕ್ಕೂ ಹೋದಳು. ಬೇಕೆಂದೇ ಬಾಟಲಿಯನ್ನು ಗಂಡನ ಕನ್ನಡಿಯ ಮುಂದಿಟ್ಟಳು. ಅವನು ಅದನ್ನು ಪಕ್ಕಕ್ಕೆ ಸರಿಸಿ ತಲೆ ಬಾಚಿಕೊಂಡ. ಬೆಲೆ ಕೇಳಲಿಲ್ಲ. ಹುಬ್ಬು ಕೂಡ ಏರಿಸಲಿಲ್ಲ.

ಇಲ್ಲಿಂದಲೇ ಅವಳಿಗೆ ಅನುಮಾನ ಶುರುವಾದದ್ದು. ಕೇಳದೇ ಇರುವವನಲ್ಲಿ ಇತರರು ಕೇಳಬಾರದ್ದೇನೋ ಇರುತ್ತದೆ ಎಂಬುದು ಅವಳ ತರ್ಕ. ಅವನ ದುಡ್ಡು ಎಲ್ಲಿಗೆ ಹೋಗುತ್ತಿದೆ? ಹೊಸ ಅಂಗಿಯಿಲ್ಲ. ಬಾಯಲ್ಲಿ ಚಹಾದ ವಾಸನೆಯೂ ಇಲ್ಲ. ಬೆಲ್ಟು ಹಳೆಯದೇ, ಬೂಟಿನ ಹಿಮ್ಮಡಿ ಸವೆದು ವಾರೆಯಾಗಿದೆ. "ಅಮ್ಮ, ಅಪ್ಪ ಬಡವ್ರಾ?" ಎಂದು ಮಗಳೇ ಒಂದು ದಿನ ಕೇಳಿದಳು. ಇಸ್ಪೀಟೇ? ಯಾರಿಗಾದರೂ ಗುಟ್ಟಾಗಿ ಕೊಡುತ್ತಿದ್ದಾನೆಯೇ? ಅಥವಾ ಇನ್ನೊಬ್ಬಳೇ? ಕನ್ನಡಕದ ಅಂಗಡಿಗೆ ಕಣ್ಣು ಸರಿಯಿಲ್ಲದ ಹೆಂಗಸರು ಎಷ್ಟು ಜನ ಬರುವುದಿಲ್ಲ!

ಕೇಳುವಂತಿರಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ಹಾಗಾಗಿ ಅವಳು ಬರೀ ನೋಡಿದಳು. ಅವನು ಬಾಗಿಲಲ್ಲಿ ಬೂಟು ಕಳಚುವಾಗ ಕೈಚೀಲದ ಉಬ್ಬು ನೋಡಿದಳು. ಅಂಗಿ ಒಗೆಯಲು ಹಾಕುವಾಗ ಮೂಸಿ ನೋಡಿದಳು. ಜೇಬು ತಡವಿದಳು. ಅದು ಒಗೆಯುವವರು ಮಾಡಲೇಬೇಕಾದ ಕೆಲಸವಲ್ಲವೇ, ಯಾರು ತಪ್ಪೆನ್ನುತ್ತಾರೆ?

ಎಂಟನೇ ತಿಂಗಳ ಒಂದು ಬುಧವಾರದ ಅಂಗಿಯಲ್ಲಿ ಬಸ್ ಟಿಕೆಟ್ ಸಿಕ್ಕಿತು. ಬೇರೆ ಹೆಂಡತಿಯರಾಗಿದ್ದರೆ ಬಿಸಾಡುತ್ತಿದ್ದರು. ಇವಳು ಅದನ್ನು ಬೆಳಕಿಗೆ ಹಿಡಿದಳು. ಅವನು ಕೆಲಸಕ್ಕೆ ಹೋಗುವ ದಾರಿಗೆ ಪಾಸು ಇದೆ, ಟಿಕೆಟ್ ಬೇಕಿಲ್ಲ. ಇದು ಊರಿನ ಇನ್ನೊಂದು ತುದಿಗೆ ಹೋಗುವ ಬಸ್ಸಿನದು, ಕೊನೆಯ ನಿಲ್ದಾಣದವರೆಗೆ. ಬುಧವಾರ ಅವನ ಅಂಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಮುಂದಿನ ಬುಧವಾರವೂ ಟಿಕೆಟ್ ಸಿಕ್ಕಿತು. ಅವಳ ಎದೆಯಲ್ಲಿ ಅಕ್ಕಿ ಬೀಸುವ ಕಲ್ಲು ಕೂತಿತು.

ಮೂರನೆಯ ಬುಧವಾರ ಅವಳು ತನ್ನ ಮೇಲಧಿಕಾರಿಯ ಹತ್ತಿರ ಹೋಗಿ, "ಸರ್, ಆ ಕೊನೆ ಬಡಾವಣೆ ಬಸ್ಸಲ್ಲಿ ಟಿಕೆಟ್ ಇಲ್ದೆ ಓಡಾಡೋರು ಜಾಸ್ತಿ ಆಗಿದಾರಂತೆ, ಇವತ್ತು ನಾನೇ ಹೋಗ್ತೀನಿ," ಎಂದಳು. ಅವರು ಖುಷಿಯಿಂದ ಒಪ್ಪಿದರು. ಹದಿನಾರು ವರ್ಷದಲ್ಲಿ ಅವಳು ಕೆಲಸದ ಹೆಸರಿನಲ್ಲಿ ಹೇಳಿದ ಮೊದಲ ಸುಳ್ಳು ಇದು. ಅದನ್ನು ಕಣ್ಣು ಮಿಟುಕಿಸದೆ ಹೇಳಿದಳು.

ಅರ್ಧ ದಾರಿಯಲ್ಲಿ ಬಸ್ಸನ್ನು ಕೈತೋರಿಸಿ ನಿಲ್ಲಿಸಿ ಹತ್ತಿದಳು. ಗಂಡ ಹಿಂದಿನಿಂದ ಎರಡನೇ ಸಾಲಿನಲ್ಲಿದ್ದ. ಕಿಟಕಿಯಾಚೆ ನೋಡುತ್ತಿದ್ದ!

ಅವಳು ಓಡಲಿಲ್ಲ. ಮುಂದಿನಿಂದ ಒಬ್ಬೊಬ್ಬರ ಟಿಕೆಟ್ಟನ್ನೂ ನೋಡುತ್ತ, ಹಿಂದಿರುಗಿಸುತ್ತ, ನಿಧಾನವಾಗಿ ಬಂದಳು. ಅವನ ಎದುರು ನಿಂತು ಕೈ ಚಾಚಿದಳು.

"ಟಿಕೆಟ್."

ಅವನು ತಿರುಗಿದ. ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಇನ್ನೇನೋ. ಮೇಲಿನ ಜೇಬಿನಿಂದ ಟಿಕೆಟ್ ತೆಗೆದು ಕೊಟ್ಟ. ಎಲ್ಲಾ ಸರಿಯಾಗಿತ್ತು.

"ಎಲ್ಲಿ ಹತ್ತಿದ್ರಿ?"

"ಮಾರ್ಕೆಟ್ಟಲ್ಲಿ."

"ಎಲ್ಲಿಗೆ ಹೋಗ್ತಿದೀರಿ?"

"ಕೊನೇ ಸ್ಟಾಪಿಗೆ."

ಇಲ್ಲಿಯವರೆಗೆ ಎಲ್ಲವೂ ನಿಯಮದ ಪ್ರಕಾರ. ಅವಳ ಹುದ್ದೆ ಕೇಳಬಹುದಾದ ಪ್ರಶ್ನೆಗಳು ಅಲ್ಲಿಗೆ ಮುಗಿಯುತ್ತವೆ. ಆದರೆ ನಾಲಿಗೆಗೆ ಬ್ರೇಕ್ ಎಲ್ಲಿದೆ?

"ಯಾಕೆ?"

ಬಸ್ಸೆಲ್ಲ ತಿರುಗಿ ನೋಡಿತು. ಪಕ್ಕದ ಸೀಟಿನ ಅಜ್ಜಿ, "ಟಿಕೆಟ್ ತೋರ್ಸಿದ ಮೇಲೂ ಯಾಕೆ ಅಂತ ಕೇಳೋಕೆ ಇವಳ್ಯಾರಮ್ಮಾ?" ಎಂದಳು. ಕಂಡಕ್ಟರ್ ಕೆಮ್ಮಿದ.

"ಅದು ಟಿಕೆಟ್ಟಲ್ಲಿ ಬರೆದಿರಲ್ಲ ಮೇಡಂ," ಎಂದ ಗಂಡ. ದನಿ ಏರಿಸಲಿಲ್ಲ. ಚೀಟಿಯನ್ನು ಅವಳ ಕೈಯಿಂದ ವಾಪಸು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಮುಂದಿನ ನಿಲ್ದಾಣದಲ್ಲಿ, ಇನ್ನೂ ದೂರದ ದಾರಿ ಉಳಿದಿರುವಾಗಲೇ, ಎದ್ದು ಇಳಿದುಬಿಟ್ಟ.

ಸಂಜೆ ಅವಳು ಮನೆಗೆ ಬಂದಾಗ ಅವನು ಆಗಲೇ ಬಂದು ಬಟ್ಟೆ ಮಡಚುತ್ತಿದ್ದ. ಮಗಳು ಪಕ್ಕದ ಮನೆಯಲ್ಲಿದ್ದಳು. ಹೆಂಡತಿಗೆ ನಾಚಿಕೆಯಾಗಿತ್ತು, ಆದರೆ ನಾಚಿಕೆಗಿಂತ ಅನುಮಾನವೇ ಒಂದು ಕೈ ಮೇಲಿತ್ತು. ಅವನೇಕೆ ನಡುವೆ ಇಳಿದ? ಕೊನೆಯ ನಿಲ್ದಾಣದಲ್ಲಿ ಕಾಯುತ್ತಿದ್ದವರು ಯಾರು?

"ಕೇಳ್ಬಿಟ್ಟೆ," ಎಂದಳು. "ಏರ್ಪಾಡು ಮುರೀತು. ಇನ್ನು ಮುಚ್ಚುಮರೆ ಬೇಡ, ಹೇಳ್ಬಿಡಿ. ದುಡ್ಡೆಲ್ಲಾ ಯಾರಿಗೆ ಹೋಗ್ತಿದೆ?"

"ಯಾರಿಗೂ ಇಲ್ಲ."

"ಎಂಟು ತಿಂಗಳದ್ದೂ?"

"ಎಂಟು ತಿಂಗಳದ್ದೂ ಹಾಗೇ ಇದೆ. ಬುಧವಾರದ ಬಸ್ ಚಾರ್ಜ್ ಬಿಟ್ರೆ ಒಂದು ಪೈಸೆ ಮುಟ್ಟಿಲ್ಲ." ಅವನು ಮಡಚಿದ ಟವೆಲನ್ನು ಮತ್ತೆ ಬಿಡಿಸಿ ಮತ್ತೆ ಮಡಚಿದ. "ಅಲ್ಲೊಂದು ಹಳೇ ಸಾಮಾನಿನ ಅಂಗಡಿ ಇದೆ. ಒಂದು ವಸ್ತು ಇಷ್ಟ ಆಯ್ತು. ಹೋಗಿ ನೋಡ್ತೀನಿ, ಮುಟ್ತೀನಿ, ವಾಪಸ್ ಬರ್ತೀನಿ. ಅಂಗಡಿಯವನು ಈಗ ನನ್ನ ಕಂಡ್ರೆ ಕುರ್ಚಿ ಕೂಡ ಹಾಕಲ್ಲ."

"ದುಡ್ಡಿದ್ಮೇಲೆ ತರೋದಕ್ಕೇನು ಧಾಡಿ? ನಾನೇನು ಕೇಳ್ತಿದ್ನಾ?"

"ನೀನು ಕೇಳಲ್ಲ ಅಂತ ಒಪ್ಪಿದ್ದೆ. ನೋಡಲ್ಲ ಅಂತ ಒಪ್ಪಿರಲಿಲ್ಲ." ಅವನು ಟವೆಲನ್ನು ಪಕ್ಕಕ್ಕಿಟ್ಟ. "ದಿನಾ ಬಾಗಿಲಲ್ಲಿ ನನ್ನ ಚೀಲ ನೋಡ್ತೀಯ. ಅಂಗಿ ಮೂಸ್ತೀಯ. ಒಂದು ಚಹಾ ಕುಡಿದ್ರೆ ಬಾಯಿ ತೊಳ್ಕೊಂಡು ಬರ್ಬೇಕು ಅನ್ಸುತ್ತೆ ನಂಗೆ, ಅದಕ್ಕೆ ಕುಡಿಯೋದೇ ಬಿಟ್ಟೆ. ನೀನೂ ನಿಮ್ಮತ್ತಿಗೆನೂ ಸೇರಿ ಯಾರೂ ಕೇಳದ ದುಡ್ಡು ಅಂತ ಕೊಟ್ರಿ. ಖರ್ಚು ಮಾಡೋಕೆ ಜಾಗ ಎಲ್ಲಿ ಕೊಟ್ರಿ?"

ಕಳ್ಳರ ಸಬೂಬು ಕೇಳಿ ಕೇಳಿ ಕಿವಿ ಗಟ್ಟಿಯಾದವಳು ಅವಳು; ಎಲ್ಲರೂ ಹೀಗೆಯೇ ಮನಕರಗುವ ಹಾಗೆ ಹೇಳುತ್ತಾರೆ ಎಂದು ಒಳಗಿನ ತಪಾಸಣಾಧಿಕಾರಿ ಇನ್ನೂ ಗೊಣಗುತ್ತಿದ್ದಳು. ಅದು ಅವನಿಗೂ ಕಂಡಿರಬೇಕು. ಫೋನ್ ತೆಗೆದು, ಖಾತೆಯ ಪುಟ ತೆರೆದು, ಅವಳತ್ತ ಚಾಚಿದ.

"ತಗೋ. ನೋಡು."

ಅಭ್ಯಾಸಬಲದಿಂದ ಅವಳ ಕೈ ಮುಂದೆ ಹೋಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಚಾಚುವ ಅದೇ ಕೈ. ಒಂದು ಸಲ ನೋಡಿದರೆ ಎದೆಯ ಕಲ್ಲು ಇಳಿಯುತ್ತದೆ, ಇವತ್ತು ರಾತ್ರಿ ನಿದ್ದೆ ಬರುತ್ತದೆ. ಆದರೆ ಆಮೇಲೆ? ಮುಂದಿನ ತಿಂಗಳು ಮತ್ತೆ ಅನುಮಾನ ಬಂದಾಗ ಮತ್ತೆ ಕೈ ಚಾಚುತ್ತಾಳೆ, ಅವನು ಮತ್ತೆ ತೋರಿಸುತ್ತಾನೆ. ಹೀಗೆ ಜೀವಮಾನವೆಲ್ಲ ತನ್ನ ಗಂಡ ಟಿಕೆಟ್ ತೋರಿಸುತ್ತ ಇರುತ್ತಾನೆ. ಅದನ್ನು ನೆನೆದು ಅವಳಿಗೆ ನಿಜವಾಗಿಯೂ ಭಯವಾಯಿತು.

ಕೈ ಹಿಂದಕ್ಕೆ ತೆಗೆದುಕೊಂಡಳು.

"ಬೇಡ."

"ನೋಡದೆ ನೀನು ನಂಬಲ್ಲ."

"ನಂಬಲ್ಲ," ಎಂದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಆದ್ರೂ ನೋಡಲ್ಲ ರೀ."

ಅವನು ಫೋನನ್ನು ಜೇಬಿಗಿಳಿಸಿದ.

ಮುಂದಿನ ಬುಧವಾರ ಸಂಜೆ ಬಾಗಿಲು ತೆರೆದ ಸದ್ದಾದಾಗ ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಭಾರವಾದದ್ದೇನೋ ಹೊಸ್ತಿಲಿಗೆ ಬಡಿದ ಶಬ್ದ. ಅವಳ ಕತ್ತು ತಾನಾಗಿಯೇ ಅರ್ಧ ತಿರುಗಿತು. ಅದನ್ನು ಹಿಡಿದು ಮತ್ತೆ ಈರುಳ್ಳಿಯತ್ತ ತಂದಳು. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಒಳಗಿನಿಂದ ಒಂದು ದನಿ ಹೊರಟಿತು. ಕರು ಹಾಕುವ ಎಮ್ಮೆ ನರಳಿದ ಹಾಗೆ. ನಿಂತಿತು. ಮತ್ತೆ ನರಳಿತು. ಗಾಳಿ ತುಂಬಿ ನುಡಿಸುವ ಯಾವುದೋ ವಾದ್ಯ, ಸೆಕೆಂಡ್ ಹ್ಯಾಂಡು, ಬಹುಶಃ ತಿದಿ ಹರಿದದ್ದು. ಎಷ್ಟು ಕೊಟ್ಟಿರಬಹುದು? ನುಡಿಸಲಾದರೂ ಬರುತ್ತದೆಯೇ? ಮೋಸ ಹೋಗಿದ್ದಾನೆ, ಖಂಡಿತ ಮೋಸ ಹೋಗಿದ್ದಾನೆ! ಪ್ರಶ್ನೆಗಳು ಗಂಟಲಿಗೆ ಬಂದು ಸಾಲುಗಟ್ಟಿ ನಿಂತವು. ಒಂದೊಂದನ್ನೇ ನುಂಗಿದಳು. ಈರುಳ್ಳಿಯಿಂದಲೋ ಇನ್ನೇತರಿಂದಲೋ ಕಣ್ಣಲ್ಲಿ ನೀರು ಸುರಿಯಿತು.

ಮಗಳು ಓಡಿ ಬಂದಳು. "ಅಮ್ಮಾ, ಅಪ್ಪ ಏನೋ ತಂದಿದಾರೆ! ಬಾ, ನೋಡು!"

"ಅಪ್ಪ ಕರೆದ್ರೆ ಬರ್ತೀನಿ," ಎಂದಳು.

ಮಗಳು ವಾಪಸು ಓಡಿದಳು. ವಾದ್ಯ ಸುಮ್ಮನಾಯಿತು. ಅವಳು ಚಾಕು ಹಿಡಿದು ಬೆನ್ನು ತಿರುಗಿಸಿಕೊಂಡೇ ನಿಂತಳು. ಕರೆಯದೇ ಹೋದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಒಲೆಯ ಮೇಲಿನ ಒಗ್ಗರಣೆ ಸೀಯಲು ಶುರುವಾಯಿತು.

"ಏಯ್," ಎಂದಿತು ಕೋಣೆಯಿಂದ ಗಂಡನ ದನಿ, ಸ್ವಲ್ಪ ಅಳುಕುತ್ತ. "ನಗಲ್ಲ ಅಂದ್ರೆ ಬಾರೇ."

ಅವಳು ಒಲೆ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು.