ಭೀಮರಾಜುವಿನ ಎಣ್ಣೆ ಜಾಹೀರಾತು

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿರುವ ನವೀನ್ ಕುಮಾರನ ಸ್ಟುಡಿಯೋಗೆ ಮದುವೆಗಿಂತ ಸಾವಿನ ಕೆಲಸವೇ ಹೆಚ್ಚು. ಮದುವೆಗೆ ಮುಹೂರ್ತ ಬೇಕು, ಸಾವಿಗೆ ಅದೂ ಬೇಡವಲ್ಲ! ಯಾರಾದರೂ ಕಣ್ಣು ಮುಚ್ಚಿದರೆ ಸಾಕು, ಹೆಣ ಎತ್ತುವ ಮೊದಲೇ ಮನೆಯವರು ನಾಲ್ಕು ಫೋಟೋ ಕಳಿಸಿ, ಶ್ರದ್ಧಾಂಜಲಿ ವಿಡಿಯೋ ಮಾಡಿಕೊಡಿ ಅನ್ನುತ್ತಾರೆ. ಅಲ್ಲಿ ಎಡಿಟಿಂಗ್ ಮಾಡುವವಳು ಸಹನಾ. ಕತ್ತಲೆಯಿಂದ ಮುಖ ಮೂಡಬೇಕು, ಮೆಲ್ಲಗೆ ಹತ್ತಿರ ಬರಬೇಕು, ಕೆಳಗಿನಿಂದ ಹೆಸರು ಏಳಬೇಕು, ಕೊನೆಗೆ ಎಲ್ಲವೂ ಬೆಳ್ಳಗೆ ಕರಗಬೇಕು. ಸುತ್ತಲಿನ ಊರುಗಳ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಅವಳು ಮಾಡಿದ್ದೇ ಓಡಾಡುತ್ತಿತ್ತು. ಕೈ ಎಷ್ಟು ಪಳಗಿತ್ತೆಂದರೆ, ಸತ್ತವರ ಮುಖವನ್ನೂ ಅವಳು ಸರಿಯಾಗಿ ನೋಡುತ್ತಿರಲಿಲ್ಲ.

ಶ್ರಾವಣದಲ್ಲಿ ಮಿಡಿಗೇಶಿಯಿಂದ ಈಶ್ವರಮ್ಮ ಬಂದಳು. ಮರದ ಗಾಣದ ಕಡಲೆಕಾಯಿ ಎಣ್ಣೆ ಮಾರುವ ಭೀಮರಾಜುವಿನ ಹೆಂಡತಿ. ಎಣ್ಣೆಗೊಂದು ಜಾಹೀರಾತು ಬೇಕಿತ್ತು.

"ವಿಡಿಯೋ ಏನಾದ್ರೂ ಐತಾ ಅಮ್ಮ? ಗಾಣ ಓಡೋದು, ಎಣ್ಣೆ ಇಳಿಯೋದು?" ಎಂದು ಸಹನಾ ಕೇಳಿದಳು.

"ಎಲ್ಲೀದು ಕಣಮ್ಮ. ಯಜಮಾನ್ರಿಗೆ ಲಕ್ವ ಹೊಡ್ದಾಗಿಂದ ಗಾಣ ನಿಂತೋಗೈತೆ. ಹಳೇ ಫೋಟೋ ಇರೋದೇಯ."

"ಹಂಗಾದ್ರೆ ನಾನೇ ಬಂದು ಅವರದ್ದೊಂದು ಶೂಟ್ ಮಾಡ್ಲಾ?"

"ಅಯ್ಯೋ ಬ್ಯಾಡ! ಮುಖ ಒಂದು ಕಡೆ ಜೋತು ಬಿದ್ದೈತೆ. ಯಾರಾದ್ರೂ ಬಂದ್ರೆ ಟವಲ್ ಎಳ್ಕತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಊರೋರು ಒಬ್ರೂ ಅವ್ರ ಮುಖ ಕಂಡಿಲ್ಲ." ಈಶ್ವರಮ್ಮ ಫೋನು ಮುಂದೆ ಹಿಡಿದಳು. "ಈ ಮುಖ ಮೊದ್ಲು ಬರ್ಬೇಕಂತೆ. ಜನ ಈ ಮುಖ ನೋಡ್ಕಂಡೇ ಎಣ್ಣೆ ತಗಳ್ತಾ ಇದ್ದಿದ್ದು. ಗೌರಿ ಹಬ್ಬಕ್ಕೆ ಹಳೇ ಗಿರಾಕಿಗಳು ಎಣ್ಣೆ ಹೇಳುದ್ರೆ ಬೀಜ ತರ್ಸಿ ಗಾಣ ಹೂಡ್ತೀವಿ. ಈ ಹಬ್ಬವೂ ಹೋದ್ರೆ ಎಲ್ರೂ ಪ್ಯಾಕೆಟ್ ಎಣ್ಣೆಗೆ ಒಗ್ಗೋಗ್ತಾರೆ. ಆಮ್ಯಾಕೆ ಗಾಣ ಮಾರ್ಬುಡೋದೇಯ."

ಫೋಟೋದಲ್ಲಿ ಭೀಮರಾಜು ಗಾಣದ ಮೇಲೆ ಕೈಯೂರಿ ಬಾಯ್ತುಂಬ ನಗುತ್ತಿದ್ದ. ಎಂಥ ನಗು ಅಂತೀರಿ! ಸಾಲ ಕೇಳಲು ಹೋದವನೂ ಎಣ್ಣೆ ಕೊಂಡು ಬರಬೇಕು, ಅಂಥದ್ದು. ಉಳಿದವು ಬೀಜದ ರಾಶಿ, ಹಿಂಡಿ, ಬಿಸಿಲಿಗಿಟ್ಟ ಎಣ್ಣೆ ಬಾಟಲಿ, ಸಾಲಾಗಿಟ್ಟ ಕ್ಯಾನುಗಳು.

ಅಡ್ಡ ಫೋಟೋಗಳು ಮೊಬೈಲಿನ ಉದ್ದ ಪರದೆಗೆ ತುಂಬುವುದಿಲ್ಲ. ಹಿಂದೆ ಅದೇ ಫೋಟೋವನ್ನು ದೊಡ್ಡದು ಮಾಡಿ ಮಸುಕಾಗಿಸಿ ಹಾಕಿ, ಅಂಚು ಮುಚ್ಚಬೇಕು. ವಾಟ್ಸಾಪಿನಲ್ಲಿ ಹತ್ತಾರು ಕೈ ದಾಟಿ ಸವೆದ ಚಿತ್ರಗಳು. ತುಂಬ ಹತ್ತಿರಕ್ಕೆ ಎಳೆದರೆ ಒಡೆದುಹೋಗುತ್ತವೆ, ಆದ್ದರಿಂದ ಚೂರೇ ಚೂರು ಮುಂದಕ್ಕೆ ಬರಬೇಕು. ಅಕ್ಷರವೂ ಓದುವಷ್ಟು ಹೊತ್ತು ನಿಲ್ಲಬೇಕು. ಇದೆಲ್ಲ ಸಹನಾಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅವತ್ತು ಎರಡು ಸಾವು, ಒಂದು ನಿಶ್ಚಿತಾರ್ಥ. "ಬೇಗ ಮುಗ್ಸಮ್ಮ, ಎಣ್ಣೆದೇನು ಮಹಾ" ಎಂದು ನವೀನ್ ಕುಮಾರ್ ತಲೆ ತಿನ್ನುತ್ತಿದ್ದ. ಅವಳು ಬೆಳಗಿನ ಶ್ರದ್ಧಾಂಜಲಿಯ ಫೈಲನ್ನೇ ಕಾಪಿ ಮಾಡಿ, ಆ ಫೋಟೋಗಳ ಜಾಗಕ್ಕೆ ಇವನ್ನು ತುಂಬಿದಳು. ಉದುರುವ ಹೂವು ಕಿತ್ತಳು. ಕೊಳಲು ತೆಗೆದು ತಮಟೆ ಹಾಕಿದಳು. 'ಭೀಮರಾಜು, ಮಿಡಿಗೇಶಿ' ಎಂದು ಹೆಸರು ಬದಲಿಸಿದಳು. ಕತ್ತಲೆ, ನಿಧಾನದ ನಡಿಗೆ, ಮೇಲೇಳುವ ಅಕ್ಷರ, ಬೆಳ್ಳಗೆ ಕರಗುವುದು, ಇವೆಲ್ಲ ಇದ್ದಂತೆಯೇ ಉಳಿದವು. ನೋಡಿ ನೋಡಿ ಸವೆದ ಕಣ್ಣಿಗೆ ತಪ್ಪು ಕಾಣಲಿಲ್ಲ.

ಈಶ್ವರಮ್ಮ ಅದನ್ನು ಗ್ರೂಪುಗಳಿಗೆ ಹಾಕಿಸಿದಳು. ಜನ ವಿಡಿಯೋ ಪೂರ್ತಿ ನೋಡುತ್ತಾರೆಯೇ? ಬಸ್ಸಿನಲ್ಲಿ, ಹೊಲದಲ್ಲಿ, ಸದ್ದು ಆರಿಸಿಕೊಂಡು ಒಂದು ಗಳಿಗೆ ನೋಡುತ್ತಾರೆ ಅಷ್ಟೇ. ಕತ್ತಲೆಯಿಂದ ಭೀಮರಾಜುವಿನ ಮುಖ ಬಂತು, ಕೆಳಗೆ ಹೆಸರು ಎದ್ದಿತು. ಮೊದಲೇ ಕಾಯಿಲೆಯ ಮನುಷ್ಯ. ಸಾಲುಸಾಲಾಗಿ 'ಓಂ ಶಾಂತಿ' ಬಿದ್ದವು.

ಮರುದಿನ ಬೆಳಿಗ್ಗೆ ಈಶ್ವರಮ್ಮನ ಫೋನು.

"ಏನ್ ಮಾಡ್ಬುಟ್ಟೆ ತಾಯಿ! ಬಾಗ್ಲಿಗೆ ಹಾರ ತಂದವ್ರೆ! ನನ್ನ ಹಣೆ ಕುಂಕುಮ ನೋಡಿ ಮುಖ ಮುಖ ನೋಡ್ಕತಾವ್ರೆ!"

ಸಹನಾ ಫೋನಿಟ್ಟಳು. ವಿಡಿಯೋ ಮತ್ತೆ ಹಾಕಿ ನೋಡಿದಳು. ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಬೀಳ, ಎಂದು ತನ್ನನ್ನೇ ಬೈದುಕೊಂಡಳು. ಬದುಕಿರುವ ಮನುಷ್ಯನನ್ನು ತಾನೇ ಚಟ್ಟಕ್ಕೆ ಏರಿಸಿದ್ದಳು.

ಸತ್ತ ಸುದ್ದಿ ಹಬ್ಬಿದರೆ ಆಯಸ್ಸು ಗಟ್ಟಿ ಅನ್ನುತ್ತಾರೆ. ಹಾರ ತಂದವರೂ ಹಾಗೇ ನಗೆಯಾಡಿ ಹೋದರು. ಆದರೆ ಬಂದವರು ನಾಲ್ಕು ಜನ, ಬಾರದೆ ನಂಬಿದವರು ನಾಲ್ಕು ಊರು. ಕೊಳಾಲದ ಹಳೇ ಗಿರಾಕಿ ಅಡವಯ್ಯ ಪ್ರತಿ ಹಬ್ಬಕ್ಕೂ ತನ್ನ ಕೇರಿಗೆಲ್ಲ ಸೇರಿಸಿ ಎಣ್ಣೆ ಒಯ್ಯುತ್ತಿದ್ದವನು. ಅವನು ಕರೆ ಮಾಡಿ, "ಸೂತಕದ ಮನೆ ಎಣ್ಣೇಲಿ ಹಬ್ಬದ ಅಡುಗೆ ಹೆಂಗಮ್ಮ ಮಾಡೋದು, ಮುಂದಿನ ವರ್ಷ ನೋಡಾನ" ಎಂದನಂತೆ. ಬದುಕವ್ರೆ ಅಂತ ಈಶ್ವರಮ್ಮ ಎಷ್ಟು ಹೇಳಿದರೂ, ಪಾಪ, ದುಃಖಕ್ಕೆ ಹಿಂಗಾಡ್ತಾವ್ಳೆ ಅಂದುಕೊಂಡ.

ಊರಿನ ಬಾಯಿಗೆ ಬಿದ್ದ ವಿಡಿಯೋ ಅಳಿಸಲು ಯಾರಿಂದಾದೀತು? ಸಹನಾ ಹೊಸದು ಮಾಡಿದಳು. ಮೊದಲು ಎಣ್ಣೆ ಬಾಟಲಿ, ತಮಟೆಯ ಏಟಿಗೊಂದು ಫೋಟೋ, ಪಕ್ಕದಿಂದ ನುಗ್ಗಿ ಬಂದು ಗಕ್ಕನೆ ನಿಲ್ಲುವ ಹಳದಿ ಅಕ್ಷರ. ಈ ಸಲ ನಿಜವಾದ ಜಾಹೀರಾತಾಗಿತ್ತು. ಅದರ ಕೆಳಗೆ ಯಾರೋ ಬರೆದರು: 'ಗಂಡ ಹೋದರೂ ಧೈರ್ಯವಾಗಿ ಗಾಣ ನಡೆಸುತ್ತಿರುವ ತಾಯಿಗೆ ನಮನ.'

ಅವತ್ತು ಸಹನಾಳಿಗೆ ಅರ್ಥವಾಯಿತು, ನಿಂತ ಫೋಟೋ ಎಷ್ಟು ಕುಣಿಸಿದರೂ ಉಸಿರಾಡುವುದಿಲ್ಲ. ಭೀಮರಾಜು ಅಲುಗಾಡಬೇಕು, ಮಾತಾಡಬೇಕು. ಮಧ್ಯಾಹ್ನದ ಬಸ್ಸು ಹತ್ತಿ ಮಿಡಿಗೇಶಿಗೆ ಹೋದಳು.

ಅವನು ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ, ಮುಖಕ್ಕೆ ಟವಲ್. ಸಹನಾ ಕಾಲಿಗೆ ಬಿದ್ದಳು. "ತಪ್ಪಾಯ್ತು ಅಣ್ಣ. ಒಂದೇ ಒಂದು ಮಾತು, ನಾನು ಬದುಕಿದ್ದೀನಿ ಅಂತ ಹೇಳಿ. ಸಾಕು."

ಅವನು ತಲೆಯಾಡಿಸಿದ, ಬೇಡ ಅಂತ. ಈಶ್ವರಮ್ಮ ಗೋಗರೆದಳು, ಬೈದಳು, ಕಡೆಗೆ ಅತ್ತಳು. ಬಹಳ ಹೊತ್ತಿನ ಮೇಲೆ ಎಡಗೈಯಿಂದ ಟವಲ್ ತಾನೇ ತೆಗೆದ. ಒಂದು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ತುಟಿಯ ಮೂಲೆಯಲ್ಲಿ ಜೊಲ್ಲು. ಸಹನಾ ಮೊಬೈಲು ಹಿಡಿದು ರೆಕಾರ್ಡ್ ಒತ್ತಿದಳು.

"ನಾ... ಬೀ... ವಾಜು..." ಅಂದ. ನಗಲು ನೋಡಿದ. ಅರ್ಧ ಮುಖ ಮಾತ್ರ ನಕ್ಕಿತು.

ತೋರಿಸು ಅಂತ ಕೈ ನೀಡಿದ. ನೋಡಿದ. ಇನ್ನೊಂದು ಸಲ ನೋಡಿದ. ಮತ್ತೆ ಮೊದಲಿನ ವಿಡಿಯೋ ಕೇಳಿದ, ಊರೆಲ್ಲ ಅತ್ತ ವಿಡಿಯೋ. ಕತ್ತಲೆಯಿಂದ ಅವನ ಹಳೇ ನಗು ಮೆಲ್ಲಗೆ ಹತ್ತಿರ ಬಂತು. ಅದರ ಮೇಲೆ ಬೆರಳಿಟ್ಟ.

"ಇವ... ಇವ್ನೇ... ಇಲ್ಲಿ..."

"ಇವ್ನೇ ಇರ್ಲಿ ಅಂದ್ರೆ?" ಈಶ್ವರಮ್ಮ ಚೀರಿದಳು. "ಸತ್ತೋನೇ ಇರ್ಲಿ ಅಂತೀಯಾ? ನಾನೇನು ಈ ಕುಂಕುಮ ಅಳಿಸ್ಕಬೇಕಾ? ಗಾಣ ಮಾರಿ ಯಾವ ಸುಖಕ್ಕೆ ಬದುಕ್ಬೇಕು ನಾನು?"

ಅವನು ಅವಳ ಕಡೆ ನೋಡಲಿಲ್ಲ. ಟವಲನ್ನು ಮುಖದ ಮೇಲೆ ಎಳೆದುಕೊಂಡು, ಸಹನಾಳ ಕಡೆ ಎಡಗೈ ಬೀಸಿದ, ಈಗ ತೆಗೆದದ್ದನ್ನು ಅಳಿಸು ಅಂತ. ಅವಳು ಕಾದಳು, ಮನಸ್ಸು ಬದಲಾಯಿಸಿಯಾನೆಂದು. ಕೈ ಮತ್ತೆ ಬೀಸಿತು.

ಸಹನಾ ಅವನ ಎದುರಿಗೇ ಅಳಿಸಿದಳು.