ಮೂರು ಹೊಡೆದು ನಿಲ್ಲುವ ಗಂಟೆ

ನಾನು ಒಂದು ಗಂಟೆ. ದೇವಸ್ಥಾನದ್ದಲ್ಲ, ಶಾಲೆಯದ್ದೂ ಅಲ್ಲ. ನನಗೆ ಯಾರೂ ಕೈಮುಗಿದಿಲ್ಲ, ನನ್ನ ಸದ್ದಿಗೆ ಯಾವ ಮಕ್ಕಳೂ ಮನೆಗೆ ಓಡಿಲ್ಲ. ನಾನು ದೀಪಸ್ತಂಭದ ಮಂಜಿನ ಗಂಟೆ. ದೀಪಕ್ಕೆ ಕಣ್ಣು ಕಾಣದ ದಿನ ಮಾತ್ರ ನನ್ನ ನೆನಪಾಗುವುದು.

ತಾಮ್ರ ಮುಕ್ಕಾಲು ಪಾಲು, ಮಿಕ್ಕದ್ದು ತವರ. ಎರಡನ್ನೂ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದರು. ಅಚ್ಚು ಒಡೆದ ದಿನ ಎರಕದ ಮುದುಕ ನನ್ನ ಅಂಚಿಗೆ ಕಟ್ಟಿಗೆಯಿಂದ ಬಡಿದು, ಸದ್ದು ಪೂರ್ತಿ ಆರುವವರೆಗೆ ಉಸಿರು ಬಿಗಿಹಿಡಿದು ನಿಂತ. ಆಮೇಲೆ "ಭೇಷ್" ಎಂದ. ಆ ಒಂದು ಮಾತಿಗೆ ನನಗೆ ಬಂದ ಸೊಕ್ಕು ಬಹಳ ವರ್ಷ ಇಳಿಯಲಿಲ್ಲ.

ಹಡಗಿನಲ್ಲಿ ತಂದು ಕಾರವಾರದ ಕಡೆಯ ಒಂದು ಸಣ್ಣ ನಡುಗಡ್ಡೆಯಲ್ಲಿ ನೇತುಹಾಕಿದರು. ದೋಣಿ ಹಚ್ಚುವ ಕಟ್ಟೆಯ ನೇರ ಮೇಲೆ ನನ್ನ ಜಾಗ. ಅಲ್ಲಿ ನೀರು ಆಳ, ಬಂಡೆಯಿಲ್ಲ. ನನ್ನ ಸದ್ದನ್ನು ಮೂಗಿನ ನೇರಕ್ಕೆ ಹಿಡಿದು ಬಂದವನು ಸೀದಾ ಕಟ್ಟೆಗೇ ಬರುತ್ತಾನೆ. ಬಡಗಣಕ್ಕೆ ಅರ್ಧ ಮೈಲಿ ಹೋದರೆ ಮಾತ್ರ ನೀರಿನಡಿ ಬಂಡೆಸಾಲು. ಅಲ್ಲಿ ಇನ್ನೊಂದು ಗಂಟೆ ಉಂಟು, ಸರಪಳಿ ಕಟ್ಟಿ ತೇಲಿಬಿಟ್ಟ ಕಬ್ಬಿಣದ ಗಂಟೆ. ಅಲೆ ಅಲುಗಿಸಿದಾಗ ಲೊಟ ಲೊಟ ಎನ್ನುತ್ತದೆ. ಅದು ಕೇಳಿಸಿದರೆ ದೂರ ಹೋಗಬೇಕು, ನಾನು ಕೇಳಿಸಿದರೆ ಹತ್ತಿರ ಬರಬೇಕು. ಆ ಕಡಲಿನ ಪಾಠ ಇಷ್ಟೇ.

ಎಷ್ಟೋ ಕಾವಲುಗಾರರು ಬಂದರು, ಹೋದರು. ಕೊನೆಯವನು ಬೊಮ್ಮಯ್ಯ ಹರಿಕಂತ್ರ. ತಲೆ ಬೆಳ್ಳಗಾದರೂ ಸ್ತಂಭದ ತೊಂಬತ್ತು ಮೆಟ್ಟಿಲನ್ನು ಬೀಡಿ ಕಚ್ಚಿಕೊಂಡೇ ಹತ್ತುತ್ತಿದ್ದ. ಕಡಿಮೆ ಮಾತಿನ ಮನುಷ್ಯ. ಮಾತೆಲ್ಲ ಅವನ ತಮ್ಮ ವಾಮನನ ಪಾಲಿಗೆ ಬಂದಿತ್ತು.

ವಾಮನ ದೋಣಿಯವನು. ಎರಡು ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ನನ್ನನ್ನು ತಿರುಗಿಸಲು ಬರುತ್ತಿದ್ದ. ಸುತ್ತಿಗೆ ನನಗೆ ಹೊರಗಿನಿಂದ, ಯಾವಾಗಲೂ ಒಂದೇ ಕಡೆ ಬೀಳುತ್ತದೆ. ಬಿದ್ದಲ್ಲೇ ಬಿದ್ದರೆ ಕಂಚು ಸವೆದು ಒಡೆಯುತ್ತದೆ. ಅದಕ್ಕೇ ಅಣ್ಣ ರಾಟೆಯ ಸರಪಳಿ ಎಳೆದು ನನ್ನ ಭಾರ ಹೊರುವನು, ತಮ್ಮ ನೆತ್ತಿಯ ಬೋಲ್ಟು ಸಡಿಲಿಸಿ ನನ್ನನ್ನು ಗೇಣುದ್ದ ತಿರುಗಿಸಿ ಬಿಗಿಯುವನು. ಹೊಸ ಮಗ್ಗುಲು ಸುತ್ತಿಗೆಗೆ ಎದುರಾಗುವುದು. ಮುಗಿದ ಮೇಲೆ ವಾಮನ ಬೆರಳಗಂಟಿನಿಂದ ಟಣ್ಣೆಂದು ಬಡಿದು ನಗುತ್ತಿದ್ದ.

"ಅಣ್ಣಾ, ಸಾವಿರ ಗಂಟೆ ಒಟ್ಟಿಗೆ ಹೊಡೀಲಿ, ಇದರ ದನಿ ನಾ ಹಿಡೀತೆ."

ನನಗೂ ಹೆಮ್ಮೆ. ಹೊಗಳಿಸಿಕೊಂಡು ಉಬ್ಬುವುದು ಮನುಷ್ಯರ ಗುಣ ಮಾತ್ರ ಎಂದುಕೊಳ್ಳಬೇಡಿ.

ಆ ವರ್ಷವೂ ವಾಮನ ಬಂದಿದ್ದ. ಬೊಮ್ಮಯ್ಯನಿಗೆ ಸೊಂಟ ಹಿಡಿದಿತ್ತು. "ಈ ಸಲ ಇರ್ಲಿ ಬಿಡೋ ತಮ್ಮಾ. ಬರೂ ವರ್ಷ ನೋಡ್ವ. ಗಟ್ಟಿ ಉಂಟು," ಎಂದ. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಹುರಿದ ಬಂಗಡೆ ತಿಂದರು. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ಮಾಘದ ಒಂದು ಬೆಳಗ್ಗೆ ಮಂಜು ಬಿತ್ತು. ನಮ್ಮ ಕಡಲಲ್ಲಿ ಅಪರೂಪ, ಬಿದ್ದರೆ ಮಾತ್ರ ಕೆಟ್ಟದ್ದು. ಸೂರ್ಯ ಹುಟ್ಟಿದ ಮೇಲೂ ಬೊಮ್ಮಯ್ಯನಿಗೆ ಕೈಯಲ್ಲಿದ್ದ ಸುತ್ತಿಗೆಯ ಹಗ್ಗವೇ ಕಾಣುತ್ತಿರಲಿಲ್ಲ. ದೀಪ ಉರಿಯುತ್ತಿತ್ತು, ಅದರ ಬೆಳಕು ಗಾಜಿನಾಚೆ ನಾಲ್ಕು ಮಾರು ಹೋಗಿ ನಿಲ್ಲುತ್ತಿತ್ತು. ಅವನು ಹಗ್ಗ ಎಳೆದ. ಮೂರು ಹೊಡೆತ. ಆಮೇಲೆ ಅರ್ಧ ನಿಮಿಷ ಮೌನ. ಆ ಮೌನ ಸುಮ್ಮನೆ ಅಲ್ಲ, ಕಿವಿಗೊಡಲಿಕ್ಕೆ.

ಏಳನೆಯ ಸಲದ ಮೌನದಲ್ಲಿ ಶಂಖ ಕೇಳಿತು. ಒಂದು ಉದ್ದ, ಒಂದು ಗಿಡ್ಡ. ವಾಮನ ಊದುವ ರೀತಿ ಅದು.

"ಅಯ್ಯೋ ನನ್ನ ತಮ್ಮ!" ಎಂದು ಬೊಮ್ಮಯ್ಯ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡ.

ಮಂಜಿನಲ್ಲಿ ಸದ್ದಿಗೆ ದಿಕ್ಕಿಲ್ಲ. ಒಂದು ಸಲ ಎಡಕ್ಕೆ ಕೇಳಿದ್ದು ಮುಂದಿನ ಸಲ ಬೆನ್ನ ಹಿಂದೆ ಕೇಳುತ್ತದೆ. ಅದಕ್ಕೇ ದೋಣಿಯವರು ಇಂಜಿನ್ ನಿಲ್ಲಿಸಿ, ತಲೆ ಅತ್ತಿತ್ತ ತಿರುಗಿಸಿ, ಎರಡು ಕಿವಿಗೂ ಸಮ ಕೇಳುವತ್ತ ದೋಣಿಯ ಮೂತಿ ಹಿಡಿದು, ಸ್ವಲ್ಪ ದೂರ ಬಂದು, ಮತ್ತೆ ನಿಲ್ಲಿಸಬೇಕು. ವಾಮನ ಹಾಗೆಯೇ ಬರುತ್ತಿದ್ದ. ಶಂಖ ಹತ್ತಿರವಾಗುತ್ತಿತ್ತು. ಆದರೆ ಆಗ ಇಳಿತದ ಹೊತ್ತು. ಅವನು ನಿಂತಾಗೆಲ್ಲ ನೀರು ದೋಣಿಯನ್ನು ಬಡಗಣಕ್ಕೆ, ಬಂಡೆಸಾಲಿನತ್ತ, ಎಳೆಯುತ್ತಿತ್ತು. ಶಂಖ ಜಾರುತ್ತಿರುವುದು ಬೊಮ್ಮಯ್ಯನಿಗೆ ಕೇಳಿಸಿತು. ಅವನು ಸೊಂಟದ ನೋವು ಮರೆತು, ಮೈಯ ಭಾರವನ್ನೆಲ್ಲ ಹಗ್ಗಕ್ಕೆ ಹಾಕಿ ಎಳೆದ.

ಎರಡನೆಯ ಹೊಡೆತಕ್ಕೆ ನಾನು ಒಡೆದೆ.

ನೋವಾಯಿತೇ ಎಂದರೆ ಇಲ್ಲ. ನಾಚಿಕೆಯಾಯಿತು. ಅಂಚಿನಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು. ಮೂರನೆಯ ಹೊಡೆತಕ್ಕೆ ನನ್ನ ಬಾಯಿಂದ ಬಂದದ್ದು ಲೊಟ ಎಂಬ ಸದ್ದು.

ಬೊಮ್ಮಯ್ಯ ಹಗ್ಗ ಹಿಡಿದುಕೊಂಡೇ ಕಲ್ಲಾದ. ಹೊಡೆದರೆ ತೇಲುಗಂಟೆ ಎಂದುಕೊಂಡು ತಮ್ಮ ದೂರ ಓಡುತ್ತಾನೆ. ಹೊಡೆಯದಿದ್ದರೆ ಅವನಿಗೆ ದಾರಿಯೇ ಇಲ್ಲ. "ಎಣ್ಸೋ ತಮ್ಮಾ," ಎಂದು ಮಂಜಿಗೆ ಕೂಗಿದ. "ಅಲೆಗೆ ಎಂತ ಲೆಕ್ಕ ಬತ್ತದ್ಯೋ? ಮೂರು ಹೊಡ್ದು ನಿಲ್ಲೂದು ನಾನೇ ಮಾರಾಯಾ, ಎಣ್ಸೋ!" ಕೂಗು ಕಟ್ಟೆಯನ್ನೂ ದಾಟಲಿಲ್ಲ. ಅವನು ಮತ್ತೆ ಎಳೆದ. ಮೂರು, ಮೌನ. ಮೂರು, ಮೌನ.

ಇಂಜಿನ್ ಗುಡುಗುಟ್ಟಿದ್ದು ಕೇಳಿತು. ಅದು ನಮ್ಮಿಂದ ದೂರ ಹೋಗುತ್ತಿತ್ತು. ಆಮೇಲೆ ತಟ್ಟನೆ ನಿಂತಿತು. ಶಂಖ ಮತ್ತೆ ಕೇಳಲಿಲ್ಲ.

ಆದರೂ ಬೊಮ್ಮಯ್ಯ ನಿಲ್ಲಿಸಲಿಲ್ಲ. ಅಂಗೈ ಸಿಪ್ಪೆ ಎದ್ದು ಹಗ್ಗ ಕೆಂಪಾದರೂ ಅದೇ ಮೂರು, ಅದೇ ಮೌನ. ತುಂಬಾ ಹೊತ್ತಾದ ಮೇಲೆ ಕಟ್ಟೆಯ ಮೆಟ್ಟಿಲಿಗೆ ಒಬ್ಬ ಮನುಷ್ಯ ಎಣ್ಣೆಡಬ್ಬಿ ಅಪ್ಪಿಕೊಂಡು ಬಂದು ಬಿದ್ದ. ಬೊಮ್ಮಯ್ಯ ಓಡಿ ಇಳಿದು ಮುಖ ತಿರುಗಿಸಿ ನೋಡಿದ. ವಾಮನನಲ್ಲ. ಅವನ ಜೊತೆಗಾರ ಪುರ್ಸು. ಬೇರೆ ಊರವನು, ಆ ವರ್ಷವಷ್ಟೇ ಇತ್ತ ದುಡಿಯಲು ಬಂದಿದ್ದ.

ಉಪ್ಪುನೀರು ಕಾರಿಕೊಂಡು ಪುರ್ಸು ಹೇಳಿದ. "ನಾ ಎಣ್ಸಿದ್ದೆ ಅಜ್ಜಾ. ಮೂರು ಹೊಡ್ದು ನಿಲ್ತದೆ ಅಂತ ವಾಮನಣ್ಣನೇ ಹೇಳಿಕೊಟ್ಟಿದ್ದ. ಇದು ಅದೇ ಗಂಟೆ ಅಂದೆ. ಅವ ಕೇಳ್ಲಿಲ್ಲ. 'ಸುಮ್ನಿರೋ, ನಮ್ಮಣ್ಣನ ಗಂಟೆ ದನಿ ನಂಗೊತ್ತಿಲ್ವನೋ? ಇದು ತೇಲುಗಂಟೆ,' ಅಂತ ದೋಣಿ ತಿರುಗ್ಸಿದ. ಇಂಜಿನ್ ಸದ್ದಿಗೆ ನಿಜದ ತೇಲುಗಂಟೆ ಕೇಳ್ಲೇ ಇಲ್ಲ, ಸೀದಾ ಬಂಡೆಗೇ ಹೋದೆವು. ನಂಗೆ ಗಂಟೆಯ ಗುರ್ತವೇ ಇಲ್ಲ, ಅದ್ಕೆ ಎಣಿಕೆ ಹಿಡ್ಕಂಡೇ ಈಜಿ ಬಂದೆ."

ಬೊಮ್ಮಯ್ಯ ತನ್ನ ಕಂಬಳಿ ತಂದು ಪುರ್ಸುವಿಗೆ ಹೊದಿಸಿ, ಗಂಜಿಗೆ ಒಲೆ ಹಚ್ಚಿದ. ಮೂರನೆಯ ದಿನ ವಾಮನ ಸಿಕ್ಕಿದ.

ಆಮೇಲೆ ಮಂಜು ಬಿದ್ದಾಗ ಬೊಮ್ಮಯ್ಯ ನನ್ನ ಕೆಳಗೇ ನಿಂತು ಒಂದು ತಗಡಿನ ಡಬ್ಬ ಬಡಿಯುತ್ತಿದ್ದ. ತಲೆ ಎತ್ತಿ ನನ್ನತ್ತ ನೋಡುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಚಳಿಗೆ ಮೊದಲು ಒಂದು ಮಧ್ಯಾಹ್ನ ಒಬ್ಬನೇ ರಾಟೆ ತಂದ. ಸರಪಳಿ ಎಳೆದು ಗೂಟಕ್ಕೆ ಕಟ್ಟಿ, ಏದುಸಿರು ಬಿಡುತ್ತ ಮೇಲೆ ಹತ್ತಿ ಬೋಲ್ಟು ಸಡಿಲಿಸಿ, ನನ್ನನ್ನು ಗೇಣುದ್ದ ತಿರುಗಿಸಿ ಬಿಗಿದ. ತಮ್ಮನಂತೆಯೇ ಬೆರಳಗಂಟಿನಿಂದ ಬಡಿದ. ಲೊಟ ಎಂದೆ. ಮತ್ತೇನು ಎನ್ನಲಿ?

"ತಿರುಗ್ಸಿದೆ ನೋಡೋ ತಮ್ಮಾ," ಎಂದು ಅಲ್ಲೇ ಕುಸಿದು ಅತ್ತ.

ಈಗ ನಡುಗಡ್ಡೆಯಲ್ಲಿ ಕಾವಲುಗಾರನಿಲ್ಲ, ದೀಪ ತಾನಾಗಿಯೇ ಹತ್ತಿ ಆರುತ್ತದಂತೆ. ನನ್ನನ್ನು ಇಳಿಸಿ ತಂದು ಒಂದು ಗುಜರಿ ಅಂಗಳದಲ್ಲಿ ಬಾಯಿ ಕೆಳಗೆ ಮಾಡಿ ಇಟ್ಟಿದ್ದಾರೆ. ಒಳಗೆ ಹಲ್ಲಿಗಳ ಸಂಸಾರ. ನನ್ನ ದನಿಯನ್ನು ಅಷ್ಟು ನಂಬದಿದ್ದರೆ ವಾಮನ ಬದುಕುತ್ತಿದ್ದ ಎಂದು ದಿನವೂ ಅಂದುಕೊಳ್ಳುತ್ತೇನೆ. ಬೊಮ್ಮಯ್ಯ ತಿರುಗಿಸಿಟ್ಟ ಆ ಮಗ್ಗುಲು ಇನ್ನೂ ಹಾಗೆಯೇ ಇದೆ. ಅದರ ಮೇಲೆ ಸುತ್ತಿಗೆ ಒಮ್ಮೆಯೂ ಬಿದ್ದಿಲ್ಲ.