ನಾಲಿಗೆಯ ಕೆಳಗಿಳಿದ ಬಾವು

ಮಂಜರಿಗೆ ಏಳನೆಯ ತಿಂಗಳು ನಡೆಯುತ್ತಿದ್ದಾಗ ಕೆಳದವಡೆಯ ಹಿಂದಿನ ಹಲ್ಲು ನೋಯತೊಡಗಿತು. ಗಂಡ ಪಾರ್ಥ ದೇವರ ಹಿಪ್ಪರಗಿಯಲ್ಲಿ ಹೈಸ್ಕೂಲ್ ಮಾಸ್ತರ; ಶನಿವಾರಕ್ಕೊಮ್ಮೆ ಇಂಡಿಯ ಮನೆಗೆ ಬರುತ್ತಿದ್ದ. ಉಳಿದಂತೆ ಮನೆಯಲ್ಲಿ ಅವಳು ಮತ್ತು ಅತ್ತೆ ತುಳಸೀಬಾಯಿ ಇಬ್ಬರೇ.

"ದವಾಖಾನಿಗೆ ಹೋಗಿ ತೋರಿಸ್ಕೊಂಡು ಬರ್ತೀನ್ರಿ ಅತ್ತಿ," ಎಂದಳು ಮಂಜರಿ.

"ಬಸುರಿದ್ದಾಗ ಹಲ್ಲು ಕೀಳಿಸಬಾರದವಾ. ಸೂಜಿ, ಗುಳಿಗಿ ಎಲ್ಲಾ ಕೂಸಿಗೆ ಮುಟ್ತಾವ. ಹಡದ ಮ್ಯಾಲೆ ನೋಡೂಣು."

ತುಳಸೀಬಾಯಿ ಕೆಟ್ಟವಳಲ್ಲ. ಪಾರ್ಥನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಸೊಸೆ ಬಸುರಾದಾಗಿನಿಂದ ಆ ಹೆದರಿಕೆ ಅವಳಲ್ಲಿ ಮತ್ತೆ ಎದ್ದು ಕೂತಿತ್ತು. ಲವಂಗ ಜಜ್ಜಿ ಹಲ್ಲಿಗೆ ಇಟ್ಟಳು, ಉಪ್ಪುನೀರು ಕಾಸಿ ಬಾಯಿ ಮುಕ್ಕಳಿಸಲು ಕೊಟ್ಟಳು. ಕೆನ್ನೆ ಊದಿತು, ಜ್ವರ ಬಂತು. ಆಮೇಲೆ ಒಂದು ಮುಂಜಾನೆ ಹಲ್ಲಿನ ನೋವು ತಾನಾಗಿಯೇ ನಿಂತಿತು. ತುಳಸೀಬಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಆದರೆ ಜ್ವರ ಇಳಿಯಲಿಲ್ಲ. ಊತ ಕೆನ್ನೆಯಿಂದ ಗದ್ದದ ಕೆಳಗೆ ಸರಿಯಿತು. ಮರುದಿನ ಮಂಜರಿ ಹಾಸಿಗೆಯಲ್ಲಿ ಮಲಗಲಾರದೆ ಗೋಡೆಗೆ ಒರಗಿ ಕೂತಿದ್ದಳು. ಕೊಟ್ಟ ಚಹಾ ಗುಟುಕರಿಸಲಾಗದೆ ತುಟಿಯಿಂದ ಹೊರಗೆ ಹರಿಯಿತು. ಜೊಲ್ಲು ಸುರಿಯುತ್ತಿತ್ತು. ಏನೋ ಹೇಳಲು ಹೋದಳು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮಾತು ತೊದಲಿತು.

"ಹಲ್ಲು ನೋಯ್ತದೇನು?"

ಮಂಜರಿ ತಲೆ ಅಲ್ಲಾಡಿಸಿ ಗಂಟಲು ತೋರಿಸಿದಳು. ತುಳಸೀಬಾಯಿ ಗದ್ದದ ಕೆಳಗೆ ಮುಟ್ಟಿ ನೋಡಿದಳು. ಎರಡೂ ಬದಿ ಹಲಗೆಯಂತೆ ಗಟ್ಟಿ. ಮನೆಗೆ ಕೀಲಿ ಹಾಕಿ, ಹಾದಿಯಲ್ಲಿ ಸಿಕ್ಕ ಆಟೋ ನಿಲ್ಲಿಸಿ, ಸೊಸೆಯನ್ನು ತಾಲೂಕಾ ದವಾಖಾನೆಗೆ ಕರೆದೊಯ್ದಳು.

ಹಲ್ಲಿನ ಡಾಕ್ಟರ್ ಫರಹತ ಬೇರೊಬ್ಬರನ್ನು ನೋಡುತ್ತಿದ್ದವರು ಬಾಗಿಲಲ್ಲಿ ಮಂಜರಿಯನ್ನು ಕಂಡವರೇ ಎದ್ದು ಬಂದರು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯಿತು. ಒಳಗೆ ನಾಲಿಗೆ ಮೇಲಕ್ಕೆ ಎದ್ದು ನಿಂತಿತ್ತು.

"ಇವರನ್ನ ಮಲಗಿಸಬ್ಯಾಡ್ರಿ, ಕೂಡಿಸೇ ಇಡ್ರಿ," ಎಂದು ನರ್ಸಿಗೆ ಹೇಳಿ, ಆಕ್ಸಿಜನ್ ಹಚ್ಚಿಸಿ, ರಕ್ತನಾಳಕ್ಕೆ ಸೂಜಿ ಚುಚ್ಚಿ ಔಷಧ ಶುರು ಮಾಡಿದರು. ೧೦೮ಕ್ಕೆ ಫೋನು ಹೋಯಿತು.

"ನೋವು ನಿಂತಿತ್ತಲ್ರಿ ಡಾಕ್ಟರ," ಎಂದಳು ತುಳಸೀಬಾಯಿ.

"ಹಲ್ಲಿನೊಳಗಿನ ನರ ಸತ್ತಿರತೈತ್ರಿ, ಅದಕ್ಕ ನೋವು ನಿಂತೈತಿ. ಸೋಂಕು ನಿಂತಿಲ್ಲ. ಬೇರಿನಿಂದ ನಾಲಿಗಿ ಕೆಳಗ, ಕುತ್ತಿಗಿಗೆ ಇಳದೈತಿ. ಬಾವು ಇನ್ನಷ್ಟು ಹೆಚ್ಚಾದ್ರ ಉಸುರಿನ ದಾರಿನೇ ಮುಚ್ಚತೈತಿ. ವಿಜಯಪುರಕ್ಕ ಈಗಿಂದೀಗ ಹೋಗಬೇಕು."

"ಬಸುರಿ ಅದಾಳರಿ. ಔಷಧ ಕೂಸಿಗೆ..."

"ಬಸುರಿಗೆ ನಡಿಯೋ ಔಷಧನೇ ಕೊಟ್ಟೇನ್ರಿ. ಮೊದಲೇ ಬಂದಿದ್ರ ಹಲ್ಲು ಕೀಳಾಕೂ ಬರತಿತ್ತು. ತಾಯಿಗೇ ಉಸುರು ಸಿಗಲಿಲ್ಲಂದ್ರ ಕೂಸಿಗೆ ಎಲ್ಲಿಂದ ಸಿಗಬೇಕ್ರಿ?"

ತುಳಸೀಬಾಯಿ ಸೊಸೆಯ ಗದ್ದದ ಮೇಲಿನ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

ಆಂಬುಲೆನ್ಸ್ ಹಾದಿಯಲ್ಲಿನ ಝಳಕಿ ಊರು ದಾಟುವಾಗ ಮಂಜರಿ ಮುಂದಕ್ಕೆ ಬಾಗಿ, ಎರಡೂ ಕೈ ಊರಿ, ಒಂದೊಂದೇ ಉಸಿರು ಎಳೆದುಕೊಳ್ಳುತ್ತಿದ್ದಳು. ಪ್ರತಿ ಉಸಿರಿಗೂ ಸೀಟಿಯಂಥ ಸದ್ದು. ತುಳಸೀಬಾಯಿ ಅವಳ ಬೆನ್ನಿನ ಮೇಲೆ ಕೈ ಇಟ್ಟು, ಆ ಸದ್ದು ಎಲ್ಲಿ ನಿಂತೀತೋ ಎಂದು ಕಿವಿಗೊಟ್ಟು ಕೂತಿದ್ದಳು.

ವಿಜಯಪುರದಲ್ಲಿ ಸರ್ಜನ್ ಕಾಯುತ್ತಿದ್ದರು. ಮೊದಲು ಆ ಜಾಗವಷ್ಟೇ ಮರಗಟ್ಟಿಸಿ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಕೊಳವೆ ಹಾಕುತ್ತೇವೆ, ಆಮೇಲೆ ಪೂರ್ತಿ ಅರಿವಳಿಕೆ ಕೊಟ್ಟು ಗದ್ದದ ಕೆಳಗೆ ಕೊಯ್ದು ಕೀವು ತೆಗೆಯುತ್ತೇವೆ, ಹಲ್ಲನ್ನೂ ಕೀಳುತ್ತೇವೆ ಎಂದು ಬಿಡಿಸಿ ಹೇಳಿದರು. ಒಪ್ಪಿಗೆಗೆ ಎಲ್ಲರೂ ತುಳಸೀಬಾಯಿಯ ಮುಖ ನೋಡಿದರು. ಅವಳು ಸೊಸೆಯ ಮುಖ ನೋಡಿದಳು. ಮಂಜರಿ ಕೈಚಾಚಿ ಪೆನ್ನು ಇಸಕೊಂಡು ತಾನೇ ಸಹಿ ಹಾಕಿದಳು.

ಪಾರ್ಥ ಬರುವಷ್ಟರಲ್ಲಿ ಶಸ್ತ್ರಕ್ರಿಯೆ ಮುಗಿದಿತ್ತು. "ಯಾಕ ಮೊದಲೇ ತೋರಿಸಲಿಲ್ಲ ಆಯಿ?"

"ಅಕಿ ಹೋಗ್ತೀನಂದ್ಲು. ನಾನೇ ಬ್ಯಾಡಂದೆ."

ಮಗ ತಾಯಿಯಿಂದ ಒಂದು ಕುರ್ಚಿ ದೂರ ಹೋಗಿ ಕೂತ.

ನರ್ಸ್ ಒಬ್ಬಳು ಮಂಜರಿಯ ಹೊಟ್ಟೆಯ ಮೇಲೆ ಸಣ್ಣ ಯಂತ್ರ ಇಟ್ಟಾಗ ಕೂಸಿನ ಎದೆಬಡಿತ ವಾರ್ಡಿನಲ್ಲಿ ಕೇಳಿಸಿತು, ಅವಸರದ ಓಟದಂತೆ. ಕುತ್ತಿಗೆಯ ಕೊಳವೆಯಿಂದ ಉಸಿರಾಡುತ್ತಿದ್ದ ಮಂಜರಿಗೆ ದನಿ ಇರಲಿಲ್ಲ. ಕಣ್ಣೀರು ಕಿವಿಯತ್ತ ಇಳಿಯಿತು. ತುಳಸೀಬಾಯಿ ಒರೆಸಲು ಹೋದಳು. ಮಂಜರಿ ಮುಖ ತಿರುಗಿಸಿಕೊಂಡಳು.

ದಿನಗಳು ಕಳೆದು ಕೊಳವೆ ತೆಗೆದರು. ಕೂಸು ಅವಧಿಗಿಂತ ಮೊದಲೇ ಬಂತು, ಹೆಣ್ಣು, ಅಂಗೈಯಗಲ ಬೆನ್ನು. ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿತು. ಹೆಸರಿಡುವ ದಿನ ನೆರೆಹೊರೆಯವರು ಮಂಜರಿಯ ಕುತ್ತಿಗೆಯ ಕಲೆ ನೋಡಿ ಏನಾಯಿತೆಂದು ಕೇಳಿದರೆ, ಅವಳು ಉತ್ತರಿಸುವ ಮೊದಲೇ ತುಳಸೀಬಾಯಿ ಹೇಳತೊಡಗಿದಳು, ತಾನು ದವಾಖಾನೆಗೆ ಹೋಗಗೊಡದೆ ಇದ್ದದ್ದನ್ನೂ ಬಿಡದೆ. ಮಂಜರಿ ತಡೆಯಲಿಲ್ಲ. ಮಗುವನ್ನು ಎತ್ತಿ ಅತ್ತೆಯ ತೊಡೆಯ ಮೇಲೆ ಇಟ್ಟು, ಬಂದವರಿಗೆ ಪಾನಕ ತರಲು ಒಳಗೆ ಹೋದಳು.